ಸ್ಕೂಲ್ ಬ್ಯಾಗ್ ಕೊಳ್ಳುವ ಮುನ್ನ: ಮೊದಲು ಮಗುವಿನ ಬೆನ್ನು ಅಳೆಯಿರಿ, ಆಮೇಲೆ ಅಂಗಡಿಗೆ ಹೋಗಿ

ಮೇ ತಿಂಗಳ ಕೊನೆ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಪೋಷಕರು ಶಾಲಾ ಬ್ಯಾಗು ಹೊಲಿಯುವ ನಮ್ಮನ್ನು ಕೇಳುವುದು ಒಂದೇ ಮಾತು: "ನಾಲ್ಕನೇ ಕ್ಲಾಸಿಗೆ ಯಾವ ಬ್ಯಾಗ್ ತಗೋಬೇಕ್ರಿ? ಹೋದ ವರ್ಷದ್ದು ಆರು ತಿಂಗಳಿಗೇ ಬೆಲ್ಟ್ ಕಿತ್ತು ಬಂತು." ಅದಕ್ಕೆ ಉತ್ತರವನ್ನು ಒಂದೊಂದೇ ಕಾರ್ಡ್ ಮಾಡಿ ಇಲ್ಲಿ ಕೊಟ್ಟಿದ್ದೇವೆ. ಸರಿಸುತ್ತಾ ಓದಿ. ಮೊದಲ ಮೂರು ಕಾರ್ಡುಗಳ ಕೆಲಸ ಮನೆಯಲ್ಲೇ ಮುಗಿಯುತ್ತದೆ. ಬೇಕಾಗುವುದು ಒಂದು ಅಳತೆ ಟೇಪು, ತೂಕ ನೋಡಲು ಒಂದು ಮಷೀನು, ಶಾಲೆಯ ಟೈಮ್‌ಟೇಬಲ್ಲು, ಇಷ್ಟೇ.

ಕಾರ್ಡ್ 1: ಮಗುವಿನ ತೂಕ, ಬ್ಯಾಗಿನ ತೂಕ

ಮಗುವನ್ನು ತೂಗಿ. ಬಂದ ತೂಕವನ್ನು ಹತ್ತರಿಂದ ಭಾಗಿಸಿ. ಪುಸ್ತಕ, ನೀರು, ಊಟದ ಡಬ್ಬಿ ಎಲ್ಲಾ ಸೇರಿ ತುಂಬಿದ ಬ್ಯಾಗು ಅದಕ್ಕಿಂತ ಭಾರ ಇರಬಾರದು. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಹೇಳುವುದು ಇದನ್ನೇ. ಒಂದನೇ ತರಗತಿಗಿಂತ ಕೆಳಗಿನ ಮಕ್ಕಳಿಗೆ ಬ್ಯಾಗೇ ಬೇಡ ಎಂದೂ ಅದರಲ್ಲಿದೆ.

ನಮ್ಮ ರಾಜ್ಯದ ಶಿಕ್ಷಣ ಇಲಾಖೆ 2019ರಲ್ಲಿ ಹೊರಡಿಸಿ, 2023ರಲ್ಲಿ ಮತ್ತೆ ನೆನಪಿಸಿದ ಸುತ್ತೋಲೆಯಲ್ಲಿ ತರಗತಿವಾರು ಲೆಕ್ಕ ಹೀಗಿದೆ: 1 ಮತ್ತು 2ನೇ ತರಗತಿಗೆ ಒಂದೂವರೆಯಿಂದ 2 ಕಿಲೋ, 3ರಿಂದ 5ಕ್ಕೆ 2ರಿಂದ 3 ಕಿಲೋ, 6ರಿಂದ 8ಕ್ಕೆ 3ರಿಂದ 4 ಕಿಲೋ, 9 ಮತ್ತು 10ಕ್ಕೆ 4ರಿಂದ 5 ಕಿಲೋ. ಈ ಎರಡು ಲೆಕ್ಕಗಳಲ್ಲಿ ಯಾವುದು ಕಡಿಮೆ ಬರುತ್ತದೋ ಅದನ್ನೇ ಹಿಡಿಯಿರಿ. ಒಂದೇ ತರಗತಿಯಲ್ಲಿ 20 ಕಿಲೋದ ಮಗುವೂ ಇರುತ್ತದೆ, 32 ಕಿಲೋದ್ದೂ ಇರುತ್ತದೆ. ಸಣಕಲು ಮಗುವಿಗೆ ತರಗತಿಯ ಲೆಕ್ಕ ಹೆಚ್ಚಾಗಬಹುದು.

ತುಂಬಿದ ಬ್ಯಾಗನ್ನು ತೂಗಲು ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಅದೂ ಹತ್ತಿರ ಇಲ್ಲವೆಂದರೆ, ನೀವು ಬರಿಗೈಲಿ ಮಷೀನಿನ ಮೇಲೆ ನಿಂತು ನೋಡಿ, ಆಮೇಲೆ ಬ್ಯಾಗು ಎತ್ತಿಕೊಂಡು ನಿಂತು ನೋಡಿ. ಎರಡರ ವ್ಯತ್ಯಾಸವೇ ಬ್ಯಾಗಿನ ತೂಕ.

ಕಾರ್ಡ್ 2: ಭಾರ ಎಲ್ಲಿಂದ ಬರುತ್ತದೆ, ಒಂದು ಲೆಕ್ಕ

ನಾಲ್ಕನೇ ತರಗತಿಯ ಒಂದು ಮಗು, ತೂಕ 24 ಕಿಲೋ ಎಂದಿಟ್ಟುಕೊಳ್ಳಿ. ಅದು ಹೊರಬಹುದಾದ್ದು 2 ಕಿಲೋ 400 ಗ್ರಾಂ. ಈಗ ಬ್ಯಾಗಿನಲ್ಲಿರುವ ಒಂದೊಂದನ್ನೂ ಬೇರೆ ಬೇರೆ ತೂಗೋಣ.

ನಾಲ್ಕೈದು ಜಿಪ್ಪು, ದಪ್ಪ ಸ್ಪಂಜು, ಮುಂದೆ ಕಾರ್ಟೂನಿನ ಗಟ್ಟಿ ಚಿತ್ರ ಇರುವ ಬ್ಯಾಗು ಖಾಲಿಯೇ 900 ಗ್ರಾಂ. ನಾಲ್ಕು ಪಠ್ಯಪುಸ್ತಕ 1 ಕಿಲೋ. ನಾಲ್ಕು ನೋಟ್‌ಬುಕ್ 600 ಗ್ರಾಂ. ಮುಕ್ಕಾಲು ಲೀಟರಿನ ಸ್ಟೀಲ್ ಬಾಟಲಿ, ನೀರು ಸೇರಿ 1 ಕಿಲೋ. ಎರಡಂತಸ್ತಿನ ಸ್ಟೀಲ್ ಡಬ್ಬಿ ಊಟದೊಂದಿಗೆ 500 ಗ್ರಾಂ. ಕಂಪಾಸು, ಪೆನ್ಸಿಲ್ ಡಬ್ಬಿ 150 ಗ್ರಾಂ. ಒಟ್ಟು 4 ಕಿಲೋ 150 ಗ್ರಾಂ. ಹೊರಬೇಕಾದ್ದಕ್ಕಿಂತ ಒಂದೂಮುಕ್ಕಾಲು ಕಿಲೋ ಹೆಚ್ಚು!

ಇದರಲ್ಲಿ ಪುಸ್ತಕದ ಪಾಲು ಅರ್ಧಕ್ಕಿಂತ ಕಡಿಮೆ ಎಂಬುದನ್ನು ಗಮನಿಸಿ. ಹೆಚ್ಚಿನ ಭಾರ ಬ್ಯಾಗಿನದ್ದೇ, ಬಾಟಲಿಯದ್ದೇ, ಡಬ್ಬಿಯದ್ದೇ. ಶಾಲೆಯವರು ಪುಸ್ತಕ ಕಡಿಮೆ ಮಾಡಲಿ ಎಂದು ಕಾಯುವುದಕ್ಕಿಂತ ಮುಂಚೆ ನಮ್ಮ ಕೈಲಿರುವುದನ್ನು ಇಳಿಸೋಣ.

ಖಾಲಿ ಬ್ಯಾಗು 450 ಗ್ರಾಮಿನದ್ದು ತಂದರೆ ಅಲ್ಲೇ 450 ಗ್ರಾಂ ಉಳಿಯಿತು. ಭಾಗ 1, ಭಾಗ 2 ಎಂದು ಎರಡಾಗಿ ಬಂದಿರುವ ಪಠ್ಯಪುಸ್ತಕಗಳಲ್ಲಿ ಆಗ ಓದುತ್ತಿರುವ ಭಾಗವನ್ನಷ್ಟೇ ಇಟ್ಟರೆ ನಾಲ್ಕಕ್ಕೆ 600 ಗ್ರಾಂ. 200 ಪುಟದ ನೋಟ್‌ಬುಕ್ ಬದಲು 100 ಪುಟದವು ನಾಲ್ಕು, 400 ಗ್ರಾಂ. ಹಗುರ ಬಾಟಲಿಯಲ್ಲಿ ಅರ್ಧ ಲೀಟರ್ ನೀರು 580 ಗ್ರಾಂ. ಒಂದೇ ಅಂತಸ್ತಿನ ಡಬ್ಬಿ ಊಟದೊಂದಿಗೆ 350 ಗ್ರಾಂ. ಪೆನ್ಸಿಲ್, ರಬ್ಬರು ಬಟ್ಟೆಯ ಸಂಚಿಯಲ್ಲಿ 100 ಗ್ರಾಂ. ಈಗ ಒಟ್ಟು 2 ಕಿಲೋ 480 ಗ್ರಾಂ. ಶಾಲೆಯಲ್ಲೇ ಬಿಡಲು ಒಪ್ಪುವ ಒಂದು ನೋಟ್‌ಬುಕ್ ಬಿಟ್ಟುಬಂದರೆ 2 ಕಿಲೋ 380. ಲೆಕ್ಕ ಸರಿಹೋಯಿತು. ಮಧ್ಯಾಹ್ನದ ಬಿಸಿಯೂಟ ಶಾಲೆಯಲ್ಲೇ ಮಾಡುವ ಮಗುವಿಗೆ ಡಬ್ಬಿಯ ಬದಲು ಬರೀ ತಟ್ಟೆ, ಇನ್ನೂ ಹಗುರ.

ಎಚ್ಚರಿಕೆ: ನೀರನ್ನು ಕಡಿತ ಮಾಡಬೇಡಿ. ನಮ್ಮ ಕಡೆ ಬಿಸಿಲು ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಶಾಲೆಯಲ್ಲಿ ಕುಡಿಯುವ ನೀರು ಚೆನ್ನಾಗಿದೆಯೇ ಎಂದು ನೀವೇ ಹೋಗಿ ನೋಡಿ. ಚೆನ್ನಾಗಿದ್ದರೆ ಅರ್ಧ ಲೀಟರ್ ಕೊಟ್ಟು, ಅಲ್ಲಿ ಮತ್ತೆ ತುಂಬಿಕೊಳ್ಳಲು ಹೇಳಿ. ಇಲ್ಲವಾದರೆ ಪೂರ್ತಿ ನೀರು ಕೊಟ್ಟು ಬೇರೆ ಭಾರ ಇಳಿಸಿ.

ಕಾರ್ಡ್ 3: ಬೆನ್ನಿನ ಅಳತೆ

ಮಗು ತಲೆ ಬಗ್ಗಿಸಲಿ. ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕಾಣುತ್ತದೆ. ಟೇಪಿನ ತುದಿ ಅಲ್ಲಿಡಿ. ಇನ್ನು ಮಗು ನೆಟ್ಟಗೆ ನಿಂತು ಎರಡೂ ಕೈ ಸೊಂಟದ ಮೇಲಿಡಲಿ, ಹೆಬ್ಬೆರಳು ಹಿಂದಕ್ಕೆ ಬರುವಂತೆ. ಎರಡು ಹೆಬ್ಬೆರಳ ನಡುವಿನ ಗೆರೆಯವರೆಗೆ ಟೇಪು ಇಳಿಸಿ. ಬಂದದ್ದೇ ಬೆನ್ನಿನ ಉದ್ದ. ಬ್ಯಾಗಿನ ಎತ್ತರ ಹೆಚ್ಚುಕಡಿಮೆ ಇಷ್ಟೇ ಇರಬೇಕು, ನಾಲ್ಕು ಸೆಂಟಿಮೀಟರ್ ಹೆಚ್ಚಾದರೆ ಅಡ್ಡಿಯಿಲ್ಲ. ಹಾಕಿಕೊಂಡಾಗ ಬ್ಯಾಗಿನ ತಲೆ ಹೆಗಲಿನ ಮಟ್ಟ ದಾಟಬಾರದು. ತಳ ಸೊಂಟದ ಗೆರೆಯಿಂದ ನಾಲ್ಕು ಇಂಚಿಗಿಂತ ಕೆಳಗೆ ಇಳಿಯಬಾರದು. ಅಗಲ ಮಗುವಿನ ಬೆನ್ನಿನ ಅಗಲವನ್ನು ಮೀರಬಾರದು. ಮೀರಿದರೆ ಬಾಗಿಲು ದಾಟುವಾಗ, ಬಸ್ಸು ಹತ್ತುವಾಗ ತಗುಲುತ್ತದೆ.

ನಮ್ಮ ಉದಾಹರಣೆಯ ಮಗುವಿನ ಬೆನ್ನು 36 ಸೆಂಟಿಮೀಟರ್ ಬಂತೆನ್ನಿ. ಅಂಗಡಿಯಲ್ಲಿ ಬ್ಯಾಗಿನ ಅಳತೆ ಇಂಚಿನಲ್ಲಿ ಹೇಳುತ್ತಾರೆ. 14 ಇಂಚು ಅಂದರೆ ಸುಮಾರು ಮೂವತ್ತೈದೂವರೆ ಸೆಂಟಿಮೀಟರ್, 16 ಅಂದರೆ ನಲವತ್ತೂವರೆ, 18 ಅಂದರೆ ಹತ್ತಿರಹತ್ತಿರ 46. ಈ ಮಗುವಿಗೆ 14 ಅಥವಾ 15 ಇಂಚಿನ ಬ್ಯಾಗು ಸರಿ. ಲಾಂಗ್ ಬುಕ್ ಹಿಡಿಸುವುದಿಲ್ಲ ಎಂಬ ಭಯ ಬೇಡ. ಎ4 ಹಾಳೆಯ ಉದ್ದವೇ 30 ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ. ಲೇಬಲ್ಲಿನ ಮೇಲಿನ "ಲೀಟರ್" ಸಂಖ್ಯೆ ನೋಡಿ ಕೊಳ್ಳಬೇಡಿ. ಅದು ಬ್ಯಾಗಿನಲ್ಲಿ ಎಷ್ಟು ಹಿಡಿಸುತ್ತದೆ ಎಂಬುದನ್ನು ಹೇಳುತ್ತದೆ, ಎತ್ತರವನ್ನು ಹೇಳುವುದಿಲ್ಲ.

ಹೆಚ್ಚಿನವರು ಎಡವುವುದು ಇಲ್ಲೇ. "ಅಕ್ಕಾರೆ, ದೊಡ್ಡದೇ ತಗೊಳ್ರಿ, ಮೂರು ವರ್ಷ ಬರ್ತೈತಿ" ಎಂದು ಅಂಗಡಿಯವರು ಹೇಳುತ್ತಾರೆ, ನಮಗೂ ಸರಿ ಅನ್ನಿಸುತ್ತದೆ. ಸಮವಸ್ತ್ರವನ್ನು ಒಂದು ಅಳತೆ ದೊಡ್ಡದು ಹೊಲಿಸಿದರೆ ತೋಳು ಮಡಿಚಬಹುದು. ಬ್ಯಾಗನ್ನು ಮಡಿಚಲಾಗದು. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದಾಗ ಎಷ್ಟು ದೂರವಾದರೂ ನಡೆಯಬಹುದು. ಅದೇ ಕೊಡವನ್ನು ಮೈಯಿಂದ ದೂರ, ಚಾಚಿದ ಕೈಯಲ್ಲಿ ಹಿಡಿದರೆ ನಾಲ್ಕು ಹೆಜ್ಜೆಗೇ ಸಾಕಾಗುತ್ತದೆ. ನೀರು ಅಷ್ಟೇ, ದೂರ ಹೆಚ್ಚಾಯಿತು. ದೊಡ್ಡ ಬ್ಯಾಗು ಸೊಂಟದ ಕೆಳಗೆ ಜೋತುಬಿದ್ದು ಬೆನ್ನಿನಿಂದ ದೂರ ಸರಿಯುತ್ತದೆ, ಹಿಂದಕ್ಕೆ ಎಳೆಯುತ್ತದೆ. ಬೀಳದಿರಲು ಮಗು ಮುಂದಕ್ಕೆ ಬಾಗುತ್ತದೆ, ಎದುರು ನೋಡಲು ಕತ್ತು ಚಾಚುತ್ತದೆ. ಜೊತೆಗೆ ಜಾಗ ಖಾಲಿಯಿದ್ದರೆ ಮಕ್ಕಳು ಅದನ್ನು ತುಂಬದೆ ಬಿಡುವುದಿಲ್ಲ. ಒಂದೂವರೆ, ಎರಡು ವರ್ಷಕ್ಕೆ ಸರಿಹೋಗುವ ಅಳತೆ ತನ್ನಿ, ಅದರಾಚೆ ಯೋಚಿಸಬೇಡಿ.

ಕಾರ್ಡ್ 4: ಹೆಗಲ ಬೆಲ್ಟು

ಎರಡು ಬೆಲ್ಟು ಇರಲೇಬೇಕು. ಅಗಲ ನಿಮ್ಮ ಮೂರು ಬೆರಳಿನಷ್ಟು, ಅಂದರೆ ಐದು ಸೆಂಟಿಮೀಟರಾದರೂ ಇರಲಿ. ಸಣ್ಣ ಬೆಲ್ಟಾದರೆ ಅಷ್ಟೂ ಭಾರ ಒಂದೇ ಗೆರೆಯ ಮೇಲೆ ಕೂತು ಹೆಗಲು ಕೆಂಪಾಗುತ್ತದೆ, ಕೈ ಜುಮ್ ಎನ್ನುತ್ತದೆ.

ಬೆಲ್ಟಿನೊಳಗಿನ ಸ್ಪಂಜನ್ನು ಹೆಬ್ಬೆರಳಿನಿಂದ ಒತ್ತಿ ಹತ್ತು ಎಣಿಸಿ ಬಿಡಿ. ಕೂಡಲೇ ಮೇಲೆದ್ದರೆ ಒಳ್ಳೆಯದು. ಗುಳಿ ಹಾಗೇ ಉಳಿದರೆ ಅದು ಕೆಲವೇ ತಿಂಗಳಲ್ಲಿ ಚಪ್ಪಟೆಯಾಗುವ ಸ್ಪಂಜು. ಮುಟ್ಟಿದಾಗ ಮೆತ್ತಗೆ, ಹತ್ತಿಯಂತೆ ಇರುವುದೇ ಚಂದ ಎಂದು ಅನೇಕರು ಅಂದುಕೊಳ್ಳುತ್ತಾರೆ. ಹಾಗಲ್ಲ, ಸ್ವಲ್ಪ ಬಿಗಿಯಾಗಿರುವುದೇ ಬಾಳಿಕೆ ಬರುವುದು.

ಕೆಳಗೆ ಉದ್ದ ಹೆಚ್ಚುಕಡಿಮೆ ಮಾಡುವ ಪ್ಲಾಸ್ಟಿಕ್ ಬಕಲನ್ನು ಪರೀಕ್ಷಿಸಿ. ಬ್ಯಾಗಿಗೆ ಭಾರ ಹಾಕಿ, ಬೆಲ್ಟು ಹಿಡಿದು ನಾಲ್ಕು ಸಲ ಜಗ್ಗಿ. ಪಟ್ಟಿ ಜಾರಿ ಉದ್ದವಾದರೆ ಬೇಡ. ದಿನಾ ಬೆಳಗ್ಗೆ ನೀವು ಬಿಗಿ ಮಾಡಿ ಕಳಿಸಿದರೂ ಶಾಲೆಯ ಗೇಟು ಮುಟ್ಟುವಷ್ಟರಲ್ಲಿ ಅದು ಸಡಿಲವಾಗಿ ಬ್ಯಾಗು ಜೋತಿರುತ್ತದೆ. ಎದೆಯ ಅಡ್ಡ ಬೆಲ್ಟು ಇದ್ದರೆ ನಡೆದು ಹೋಗುವ ಮಗುವಿಗೆ ಅನುಕೂಲ. ಆಟೋದಲ್ಲಿ ಹೋಗಿಬರುವ ಮಗುವಿಗೆ ಅದಿಲ್ಲದಿದ್ದರೂ ನಡೆಯುತ್ತದೆ.

ಕಾರ್ಡ್ 5: ಬೆಲ್ಟಿನ ಬುಡ, ಎಲ್ಲಕ್ಕಿಂತ ಮುಖ್ಯ

ಬ್ಯಾಗು ಹಾಳಾಗುವುದು ಬಟ್ಟೆ ಹರಿದು ಅಲ್ಲ. ನಮ್ಮಲ್ಲಿಗೆ ದುರಸ್ತಿಗೆ ಬರುವ ಬ್ಯಾಗುಗಳಲ್ಲಿ ಬಟ್ಟೆ ಗಟ್ಟಿಯಾಗಿಯೇ ಇರುತ್ತದೆ, ಬೆಲ್ಟು ಬೆನ್ನಿನ ಬಟ್ಟೆಗೆ ಸೇರುವ ಬುಡ ಕಿತ್ತಿರುತ್ತದೆ. ಕಾರಣ ಸರಳ. ತುಂಬಿದ ಬ್ಯಾಗಿನ ಅಷ್ಟೂ ಭಾರ ಆ ಎರಡು ಜಾಗದ ಮೇಲೇ ಬೀಳುತ್ತದೆ. ಮಗು ಒಂದೇ ಬೆಲ್ಟು ಹಿಡಿದು ಬ್ಯಾಗನ್ನು ಬೀಸಿ ಹೆಗಲಿಗೆ ಹಾಕಿಕೊಂಡಾಗ ಪೂರ್ತಿ ಜಗ್ಗು ಒಂದೇ ಕಡೆ.

ಅಂಗಡಿಯಲ್ಲಿ ಬ್ಯಾಗಿನ ಜಿಪ್ಪು ಪೂರ್ತಿ ತೆರೆದು, ಒಳಗೆ ಕೈ ಹಾಕಿ, ಬೆನ್ನಿನ ಭಾಗವನ್ನು ಹೊರಗೆ ತಿರುಗಿಸಿ ನೋಡಿ. ಬೆಲ್ಟಿನ ತುದಿ ಎರಡು ಬಟ್ಟೆಗಳ ನಡುವೆ ಒಂದು ಸೆಂಟಿಮೀಟರಾದರೂ ಒಳಗೆ ಹೋಗಿರಬೇಕು. ಬರೀ ಒಂದು ಗೆರೆ ಹೊಲಿಗೆ ಹಾಕಿ ಬಿಟ್ಟಿದ್ದರೆ ಕೆಳಗಿಡಿ. ಚೌಕ ಹೊಲಿದು ಅದರೊಳಗೆ ಮೂಲೆಯಿಂದ ಮೂಲೆಗೆ ಅಡ್ಡ ಗೆರೆ ಹಾಕಿದ್ದರೆ, ಅಥವಾ ಒಂದೇ ಜಾಗದಲ್ಲಿ ಒತ್ತೊತ್ತಾಗಿ ಹಿಂದೆಮುಂದೆ ಹೊಲಿದ ಬಾರ್‌ಟ್ಯಾಕ್ ಇದ್ದರೆ ತೆಗೆದುಕೊಳ್ಳಬಹುದು. ಬಾರ್‌ಟ್ಯಾಕ್ ಅಂದರೆ ಏನೆಂದು ಬಳ್ಳಾರಿಯವರು ದೂರ ಹುಡುಕಬೇಕಿಲ್ಲ: ನಿಮ್ಮ ಜೀನ್ಸ್ ಪ್ಯಾಂಟಿನ ಜೇಬಿನ ಮೂಲೆಯಲ್ಲಿ ಬೆರಳುಗುರಿನಷ್ಟು ಉದ್ದ, ದಪ್ಪ ದಾರದ ಗಂಟಿನಂತೆ ಕಾಣುವ ಹೊಲಿಗೆ ಇರುತ್ತದಲ್ಲ, ಅದೇ. ಜೇಬು ಹರಿಯದಂತೆ ಅದನ್ನು ಹಾಕುತ್ತಾರೆ.

ಹಾಗೆಯೇ ಹೊಲಿಗೆಯನ್ನೂ ಎಣಿಸಿ. ಒಂದು ಇಂಚಿನಲ್ಲಿ ಏಳೆಂಟು ಹೊಲಿಗೆ ಇದ್ದರೆ ಸರಿ. ನಾಲ್ಕೋ ಐದೋ ಇದ್ದರೆ ಬೇಗ ಮುಗಿಸಲು ಉದ್ದುದ್ದ ಹೊಲಿದಿದ್ದಾರೆಂದು ಅರ್ಥ. ಒಳಗಿನ ಅಂಚುಗಳ ಮೇಲೆ ಸಣ್ಣ ಪಟ್ಟಿ ಹೊಲಿದಿರಬೇಕು, ಪೈಪಿಂಗ್ ಎನ್ನುತ್ತಾರೆ. ಅದಿಲ್ಲದೆ ಬಟ್ಟೆಯ ಎಳೆಗಳು ಬಿಚ್ಚಿಕೊಂಡು ಕಾಣುತ್ತಿದ್ದರೆ ಆ ಎಳೆಗಳು ದಿನದಿನಕ್ಕೂ ಬಿಡುತ್ತಾ ಹೊಲಿಗೆಯವರೆಗೂ ಬರುತ್ತವೆ, ಆಮೇಲೆ ಹೊಲಿಗೆಗೆ ಹಿಡಿಯಲು ಬಟ್ಟೆಯೇ ಇರುವುದಿಲ್ಲ.

ಮೇಲಿನ ಹಿಡಿಕೆಯನ್ನೂ ಇದೇ ರೀತಿ ನೋಡಿ. ಆಟೋಗಳಲ್ಲಿ ಮಕ್ಕಳನ್ನು ಒಳಗೆ ಕೂರಿಸಿ ಬ್ಯಾಗುಗಳನ್ನು ಹೊರಗಿನ ಕಂಬಿಗೆ ನೇತುಹಾಕುತ್ತಾರೆ. ಪ್ರತಿ ಗುಂಡಿಗೂ ತುಂಬಿದ ಬ್ಯಾಗು ಎಗರಿ ಹಿಡಿಕೆಯ ಮೇಲೆ ಬೀಳುತ್ತದೆ. ಹೀಗೆ ಹೋಗುವ ಮಗುವಿಗೆ ಹಿಡಿಕೆಯ ಎರಡೂ ತುದಿಗೆ ಬಾರ್‌ಟ್ಯಾಕ್ ಇಲ್ಲದ ಬ್ಯಾಗು ತೆಗೆದುಕೊಳ್ಳಲೇಬೇಡಿ.

ಕೊನೆಗೆ ಭಾರ ಹಾಕಿ ನೋಡುವುದು. ಮನೆಯಿಂದ ಮಗುವಿನ ಒಂದು ದಿನದ ಪುಸ್ತಕಗಳನ್ನು ಒಯ್ಯಿರಿ. ಬ್ಯಾಗಿಗೆ ತುಂಬಿ ಒಂದೊಂದೇ ಬೆಲ್ಟು ಹಿಡಿದು ಎತ್ತಿ. ಬುಡದಲ್ಲಿ ಹೊಲಿಗೆಯ ತೂತುಗಳು ಬಾಯಿ ಬಿಟ್ಟು ಬೆಳಕು ಕಂಡರೆ ಅದು ವರ್ಷ ಪೂರೈಸುವುದಿಲ್ಲ. ಅಂಗಡಿಯವರು ಬೇಸರ ಮಾಡಿಕೊಂಡರೂ ಇದನ್ನು ಬಿಡಬೇಡಿ.

ಕಾರ್ಡ್ 6: ಬಟ್ಟೆ ಮತ್ತು ಜಿಪ್ಪು

ಬಟ್ಟೆಯ ಬಗ್ಗೆ "600 ಡೀ", "900 ಡೀ" ಎಂದು ಹೇಳುತ್ತಾರೆ. ಡೀ ಅಂದರೆ ಡೆನಿಯರ್, ನೂಲಿನ ದಪ್ಪದ ಅಳತೆ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಡೆನಿಯರ್. ಐದನೇ ತರಗತಿಯವರೆಗೆ 600 ಡೆನಿಯರ್ ಪಾಲಿಯೆಸ್ಟರ್ ಧಾರಾಳ ಸಾಕು. ಸಂಖ್ಯೆ ಏರಿದಂತೆ ಬ್ಯಾಗೂ ಭಾರವಾಗುತ್ತದೆ, ಅದನ್ನು ಹೊರುವುದು ಮಗುವೇ ಎಂದು ನೆನಪಿರಲಿ.

ಜಿಪ್ಪಿಗೂ ಸಂಖ್ಯೆಯಿದೆ: 5, 8, 10. ಮುಚ್ಚಿದಾಗ ಹಲ್ಲುಗಳ ಅಗಲ ಸುಮಾರು ಅಷ್ಟು ಮಿಲಿಮೀಟರ್ ಎಂದು ಲೆಕ್ಕ. ಪುಸ್ತಕ ಇಡುವ ದೊಡ್ಡ ಖಾನೆಗೆ 8 ಅಥವಾ 10 ಇರಲಿ, ಮುಂದಿನ ಸಣ್ಣ ಜೇಬಿಗೆ 5 ಸಾಕು. ಹತ್ತು ಸಲ ತೆರೆದು ಮುಚ್ಚಿ ನೋಡಿ, ಅದರಲ್ಲೂ ಮೇಲಿನ ತಿರುವಿನಲ್ಲಿ. ರನ್ನರ್ ಅಲ್ಲಿ ತಡೆದು ಬಟ್ಟೆ ಕಚ್ಚಿದರೆ ತುಂಬಿದ ಬ್ಯಾಗಿನಲ್ಲಿ ಇನ್ನೂ ಹೆಚ್ಚು ಕಚ್ಚುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಜಿಪ್ಪಿನ ಶತ್ರು ಧೂಳು. ಬಳ್ಳಾರಿ ಕಡೆಯ ಕೆಂಪು ಧೂಳಾಗಲಿ, ರಾಯಚೂರಿನ ಎರೆಮಣ್ಣಿನ ಪುಡಿಯಾಗಲಿ, ಹಲ್ಲುಗಳ ನಡುವೆ ಕೂತು ರನ್ನರಿನ ಒಳಗನ್ನು ತೇಯುತ್ತದೆ. ಆಗ ರನ್ನರ್ ಬಾಯಿ ಅಗಲವಾಗಿ, ಅದು ಮುಂದೆ ಹೋದರೂ ಹಿಂದೆ ಹಲ್ಲು ಬಿಚ್ಚಿಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ತೆಗೆದು, ಮೇಣದಬತ್ತಿಯ ತುಂಡನ್ನು ಹಲ್ಲುಗಳ ಮೇಲೆ ಉಜ್ಜಿ. ಎಣ್ಣೆ ಹಚ್ಚಬೇಡಿ, ಎಣ್ಣೆಗೆ ಧೂಳು ಮತ್ತೂ ಅಂಟುತ್ತದೆ. ಹಲ್ಲು ಬಿಚ್ಚಿಕೊಳ್ಳಲು ಶುರುವಾದರೆ ಇಡೀ ಜಿಪ್ಪು ಬದಲಿಸುವ ಮೊದಲು ರನ್ನರ್ ಒಂದನ್ನೇ ಬದಲಿಸಿ ನೋಡಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಕಾರ್ಡ್ 7: ಮಳೆ, ಬಿಸಿಲು

"ವಾಟರ್‌ಪ್ರೂಫ್" ಎಂಬ ಚೀಟಿ ನಂಬಿ ಪುಸ್ತಕ ನೆನೆಸಬೇಡಿ. ಬಟ್ಟೆಯ ಒಳಮೈಗೆ ಪ್ಲಾಸ್ಟಿಕ್ಕಿನ ತೆಳು ಲೇಪ ಇರುತ್ತದೆ, ಅದು ನೀರು ತಡೆಯುತ್ತದೆ, ನಿಜ. ಆದರೆ ನೀರು ಇಳಿಯುವುದು ಜಿಪ್ಪಿನಿಂದ, ಹೊಲಿಗೆಯ ತೂತಿನಿಂದ. ನಮ್ಮ ಕಡೆ ಜೋರು ಮಳೆ ಹೆಚ್ಚಾಗಿ ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಬ್ಯಾಗಿಗೆ ಹೊದಿಸುವ ಕವರ್ ತೆಗೆದಿಡಿ, ಇಲ್ಲವೇ ಪುಸ್ತಕಗಳನ್ನು ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ.

ಒಗೆಯುವಾಗ ಬಿಸಿನೀರು, ವಾಷಿಂಗ್ ಮಷೀನು, ರಾತ್ರಿಯಿಡೀ ಸೋಪುಪುಡಿಯಲ್ಲಿ ನೆನೆಹಾಕುವುದು, ಮೂರೂ ಬೇಡ. ಆ ಲೇಪ ಬಿಳಿ ಹೊಟ್ಟಿನಂತೆ ಉದುರಿ ಪುಸ್ತಕಗಳಿಗೆ ಅಂಟುತ್ತದೆ. ತಣ್ಣೀರಿನಲ್ಲಿ ಸ್ವಲ್ಪ ಸೋಪು ಹಾಕಿ ಕೈಯಲ್ಲಿ ಉಜ್ಜಿ, ತಲೆಕೆಳಗು ಮಾಡಿ ನೆರಳಲ್ಲಿ ಒಣಗಿಸಿ. ಅದಿರಿನ ಲಾರಿ ಓಡಾಡುವ ರಸ್ತೆಯಲ್ಲಿ ನಡೆದು ಹೋಗುವ ಮಗುವಾದರೆ ಹೊಳೆಯುವ ಪಟ್ಟಿ ಇರುವ, ತಿಳಿಬಣ್ಣದ ಬ್ಯಾಗು ಆರಿಸಿ.

ಕಾರ್ಡ್ 8: ತಂದ ಮೇಲೆ ಮೊದಲ ವಾರ

ದಪ್ಪ ಪುಸ್ತಕ ಬೆನ್ನಿಗೆ ಒತ್ತಿಕೊಂಡಿರುವಂತೆ ಇಡಿ, ಹಗುರವಾದದ್ದು ಮುಂದೆ. ಊಟದ ಡಬ್ಬಿ ಹೊರಗಿನ ಜೇಬಿನಲ್ಲಿಟ್ಟರೆ ಭಾರ ಮೈಯಿಂದ ದೂರ ಹೋಗುತ್ತದೆ, ಆದ್ದರಿಂದ ಅದನ್ನು ಒಳಗೆ, ತಳದಲ್ಲಿ ನೆಟ್ಟಗೆ ಇಡಿ. ಬಾಟಲಿ ಒಂದು ಬದಿಯ ಜೇಬಿನಲ್ಲಿದ್ದರೆ ಇನ್ನೊಂದು ಬದಿಯಲ್ಲಿ ಪೆನ್ಸಿಲ್ ಸಂಚಿಯೋ ಛತ್ರಿಯೋ ಇರಲಿ.

ಮಗು ಬ್ಯಾಗು ಹಾಕಿ ಹತ್ತು ಹೆಜ್ಜೆ ನಡೆಯಲಿ, ನೀವು ಬದಿಯಿಂದ ನೋಡಿ. ಕಿವಿ ಹೆಗಲಿನ ನೇರಕ್ಕೆ ಇದ್ದರೆ ಸರಿ, ಹೆಗಲಿಗಿಂತ ಮುಂದೆ ಚಾಚಿದ್ದರೆ ಭಾರ ಹೆಚ್ಚು, ಅಥವಾ ಬೆಲ್ಟು ಸಡಿಲ. ಸಂಜೆ ಅಂಗಿ ತೆಗೆದಾಗ ಹೆಗಲ ಮೇಲೆ ಕೆಂಪು ಗೆರೆ ಇದೆಯೇ ನೋಡಿ. ಬೆಲ್ಟು ಬಿಗಿಮಾಡಿ ಭಾರ ಇಳಿಸಿದ ಮೇಲೂ ಬೆನ್ನುನೋವು, ಕೈ ಜುಮ್ ಎನ್ನುವುದು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಅದು ಬ್ಯಾಗು ಬದಲಿಸಿದರೆ ಹೋಗುವ ತೊಂದರೆಯೇ ಎಂದು ಹೇಳಬೇಕಾದವರು ಅವರು.

ಭಾನುವಾರ ರಾತ್ರಿ ಬ್ಯಾಗನ್ನು ಪೂರ್ತಿ ಸುರಿದು ಟೈಮ್‌ಟೇಬಲ್ಲಿನ ಪ್ರಕಾರ ಮತ್ತೆ ತುಂಬಿಸಿ. ಮುಗಿದ ನೋಟ್‌ಬುಕ್ಕು, ಆಟದ ಗೋಲಿ, ಒಡೆದ ಸ್ಕೇಲು ಎಲ್ಲಾ ಆಗ ಹೊರಬರುತ್ತವೆ.

ಕಾರ್ಡ್ 9: ನಮ್ಮ ಬ್ಯಾಗಿನ ಬಗ್ಗೆ ಎರಡು ಮಾತು

ನಾವು ಬಳ್ಳಾರಿಯಲ್ಲಿ ಶಾಲಾ ಬ್ಯಾಗು ಹೊಲಿಯುವವರು. ಜೀನ್ಸ್ ಹೊಲಿದು ಕೈ ಪಳಗಿದ ಟೈಲರುಗಳೇ ನಮ್ಮಲ್ಲಿ ಕೆಲಸ ಮಾಡುತ್ತಾರೆ. ಮೇಲೆ ಹೇಳಿದ ಅಳತೆಗಳಿಗೇ ಹೊಂದುವಂತೆ 14, 16, 18 ಇಂಚಿನ ಮೂರು ಬ್ಯಾಗು ಮಾಡುತ್ತೇವೆ. 14 ಇಂಚಿನದ್ದು ಖಾಲಿ 450 ಗ್ರಾಂ. ಬಟ್ಟೆ 600 ಡೆನಿಯರ್, ದೊಡ್ಡ ಖಾನೆಗೆ 8ನೇ ನಂಬರಿನ ಜಿಪ್ಪು, ಬೆಲ್ಟಿನ ಬುಡಕ್ಕೂ ಹಿಡಿಕೆಗೂ ಬಾರ್‌ಟ್ಯಾಕ್. ಕಾರ್ಟೂನ್ ಚಿತ್ರ ಹಾಕುವುದಿಲ್ಲ, ಚಕ್ರ ಹಾಕುವುದಿಲ್ಲ. ಅವೆರಡೂ ಬೇಕೆನ್ನುವ ಮಗುವಿಗೆ ನಮ್ಮ ಬ್ಯಾಗು ಹಿಡಿಸದಿರಬಹುದು. ಬುಡದ ಹೊಲಿಗೆ ಒಂದು ವರ್ಷದೊಳಗೆ ಬಿಟ್ಟರೆ ದುಡ್ಡು ತೆಗೆದುಕೊಳ್ಳದೆ ಹೊಲಿದುಕೊಡುತ್ತೇವೆ. ಬೇರೆಲ್ಲೋ ಕೊಂಡ ಬ್ಯಾಗಿನ ಬೆಲ್ಟು ಕಿತ್ತಿದ್ದರೂ ತನ್ನಿ, ಬಟ್ಟೆ ಗಟ್ಟಿಯಿದ್ದರೆ ಹೊಸದು ಕೊಳ್ಳಿ ಎನ್ನದೆ ಅದನ್ನೇ ಸರಿಮಾಡಿಕೊಡುತ್ತೇವೆ.

ಬರುವಾಗ ಮಗುವನ್ನೂ ಅದರ ಒಂದು ದಿನದ ಪುಸ್ತಕಗಳನ್ನೂ ಕರೆದುಕೊಂಡು, ಹೊತ್ತುಕೊಂಡು ಬನ್ನಿ. ಬೆನ್ನು ಅಳೆಯಲು ಟೇಪು, ತೂಕ ನೋಡಲು ತಕ್ಕಡಿ ಕೌಂಟರಿನ ಮೇಲೇ ಇವೆ.